ಸ್ಟಾರ್ಟ್‌ಅಪ್ ಸ್ಥಾಪಕರ ಆಹ್ವಾನಕ್ಕೆ ‘ಇಲ್ಲ’ ಎಂದು ಬರೆಯುವ ಕ್ರಮ: ಹೂಡಿಕೆಗೂ, ಸಹಸಂಸ್ಥಾಪಕ ಸ್ಥಾನಕ್ಕೂ

ಕೆಲವು ವರ್ಷಗಳಿಂದ ಪರಿಚಿತರು ತಾವು ಬರೆದ ನಿರಾಕರಣೆಯ ಉತ್ತರಗಳನ್ನು ನನಗೆ ತೋರಿಸುತ್ತಾರೆ. ‘ಬೇಡವೆಂದು ಹೇಳಿದರೂ ಬಿಡುತ್ತಿಲ್ಲ, ಏನು ಮಾಡಲಿ?’ ಎನ್ನುವುದು ಎಲ್ಲರ ಪ್ರಶ್ನೆ. ಉತ್ತರವನ್ನು ಓದಿದರೆ ಅದರಲ್ಲಿ ‘ಬೇಡ’ ಎಂಬ ಮಾತೇ ಇರುವುದಿಲ್ಲ. ಮೆಚ್ಚುಗೆ, ಕಷ್ಟಸುಖ, ‘ನೋಡೋಣ’ ಇವೆಲ್ಲ ಇರುತ್ತವೆ. ಬಂಧುಗಳ ನಡುವೆ ‘ನೋಡೋಣ’ ಎಂದರೆ ಆಗುವುದಿಲ್ಲ ಎಂದೇ ಅರ್ಥ, ಅದು ಇಬ್ಬರಿಗೂ ಗೊತ್ತು. ಹಣಕ್ಕಾಗಿ ಹತ್ತು ಕಡೆ ಓಡಾಡುತ್ತಿರುವ ಸ್ಥಾಪಕನಿಗೆ ಅದು ಅರ್ಧ ಒಪ್ಪಿಗೆಯಂತೆ ಕೇಳಿಸುತ್ತದೆ. ಅವನು ನಿಮ್ಮ ಹೆಸರನ್ನು ಬರಬಹುದಾದ ಹಣದ ಪಟ್ಟಿಗೆ ಸೇರಿಸುತ್ತಾನೆ, ಆ ಪಟ್ಟಿಯನ್ನು ನಂಬಿ ಒಬ್ಬ ಹುಡುಗನನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಾನೆ. ಎರಡು ತಿಂಗಳ ನಂತರ ನೀವು ಕೈ ಎತ್ತಿದಾಗ ಆಗುವ ನೋವು ಮೊದಲ ದಿನದ ‘ಇಲ್ಲ’ಕ್ಕಿಂತ ಎಷ್ಟೋ ದೊಡ್ಡದು.

ಉದಾಹರಣೆಗೆ ನನ್ನದೇ ಪ್ರಸಂಗವನ್ನು ತೆಗೆದುಕೊಳ್ಳುತ್ತೇನೆ. ಬೆಂಗಳೂರಿನಲ್ಲಿ ನನ್ನ ತಂಡದಲ್ಲಿದ್ದ, ಹಾವೇರಿ ಕಡೆಯ ಹುಡುಗನೊಬ್ಬ ಕೆಲಸ ಬಿಟ್ಟು ಕಂಪನಿ ಆರಂಭಿಸಿದ. ಬ್ಯಾಡಗಿಯ ಕೋಲ್ಡ್ ಸ್ಟೋರೇಜ್‌ಗಳಲ್ಲಿ ಯಾರ ಮೆಣಸಿನಕಾಯಿ ಚೀಲ ಎಷ್ಟಿದೆ, ಯಾವಾಗ ಬಂತು ಎಂದು ರೈತನೂ ವ್ಯಾಪಾರಿಯೂ ಮೊಬೈಲಿನಲ್ಲಿ ನೋಡುವಂತಹ ತಂತ್ರಾಂಶ ಅದು. ನನ್ನನ್ನು ಅಣ್ಣ ಎಂದು ಕರೆಯುವವನು. ಒಂದು ಭಾನುವಾರ ಮನೆಗೆ ಬಂದು, ಲ್ಯಾಪ್‌ಟಾಪ್ ತೆರೆದು, ಎರಡು ಮಾತು ಕೇಳಿದ. 5 ಪ್ರತಿಶತ ಪಾಲಿಗೆ 10 ಲಕ್ಷ ರೂಪಾಯಿ ಹಾಕುವುದು ಒಂದು. ಇಲ್ಲವಾದರೆ ತಂತ್ರಜ್ಞಾನದ ಹೊಣೆ ಹೊತ್ತು, 15 ಪ್ರತಿಶತ ಪಾಲಿನ ಸಹಸಂಸ್ಥಾಪಕನಾಗಿ ಸೇರುವುದು ಇನ್ನೊಂದು. ಮೊದಲ 12 ತಿಂಗಳು ಸಂಬಳವಿಲ್ಲ.

## ಹಂತ 1: ಕೇಳಿದ್ದನ್ನು ಬಿಡಿಸಿ ಬರೆದುಕೊಳ್ಳಿ

ಬೇಕಾಗಿರುವುದು ಒಂದು ಹಾಳೆ, ಒಂದು ಪೆನ್ನು, ಅವರು ಕಳುಹಿಸಿದ ಪಿಚ್ ಡೆಕ್, ಅಂದರೆ ಕಂಪನಿಯನ್ನು ಪರಿಚಯಿಸುವ ಸ್ಲೈಡ್‌ಗಳು, ಮತ್ತು ಹಿಂದಿನ ಎಲ್ಲ ವಾಟ್ಸ್‌ಆಪ್ ಸಂದೇಶಗಳು. ಹಾಳೆಯ ಮೇಲೆ ಕೋರಿಕೆಗಳನ್ನು ಒಂದೊಂದು ಸಾಲಿನಲ್ಲಿ ಬರೆಯಿರಿ. ಹಣ ಕೇಳಿದ್ದಾರೆಯೇ, ಎಷ್ಟು? ಹುದ್ದೆ ಕೇಳಿದ್ದಾರೆಯೇ, ಪೂರ್ಣಾವಧಿಯೋ ಸಂಜೆಯ ಹೊತ್ತಿನದೋ? ನಿಮ್ಮ ಹೆಸರನ್ನು ಬಳಸಿಕೊಳ್ಳುವ ಇಂಗಿತವಿದೆಯೇ? ಬೇರೆ ಯಾರನ್ನಾದರೂ ಪರಿಚಯಿಸಬೇಕೆಂದಿದ್ದಾರೆಯೇ?

ಇಷ್ಟು ಬಿಡಿಸುವುದಕ್ಕೆ ಕಾರಣವಿದೆ. ಹೂಡಿಕೆಯೊಂದನ್ನೇ ನಿರಾಕರಿಸಿದರೆ ‘ಹಣ ಬೇಡ ಬಿಡಿ, ನೀವು ಬಂದರೆ ಸಾಕು’ ಎಂಬ ಮಾತು ಬಂದೇ ಬರುತ್ತದೆ. ಅದು ಹಗುರವಾದ ಕೋರಿಕೆಯಂತೆ ಕಾಣುತ್ತದೆ. ತಿಂಗಳಿಗೆ ಒಂದೂವರೆ ಲಕ್ಷ ಸಂಬಳವಿರುವವನು ಒಂದು ವರ್ಷ ಸಂಬಳವಿಲ್ಲದೆ ಸೇರಿದರೆ ಬಿಟ್ಟುಕೊಡುವುದು 18 ಲಕ್ಷ. 10 ಲಕ್ಷ ಕೊಡಲಾರದವನು 18 ಲಕ್ಷ ಕೊಟ್ಟಂತಾಯಿತು. ಅದಕ್ಕೆ ಪ್ರತಿಯಾಗಿ ಸಿಗುವ ಪಾಲು ಕೂಡ ಮೊದಲ ದಿನವೇ ಕೈಗೆ ಬರುವುದಿಲ್ಲ. ಸಾಮಾನ್ಯವಾಗಿ ಅದು ನಾಲ್ಕು ವರ್ಷಗಳಲ್ಲಿ ಹಂತಹಂತವಾಗಿ ನಿಮ್ಮದಾಗುತ್ತದೆ, ಇದನ್ನು ವೆಸ್ಟಿಂಗ್ ಎನ್ನುತ್ತಾರೆ. ಮೊದಲ ವರ್ಷ ತುಂಬುವ ಮುನ್ನ ಹೊರಬಂದರೆ ಏನೂ ಸಿಗದಿರುವ ಷರತ್ತೂ ಸಾಮಾನ್ಯ.

ಆದ್ದರಿಂದ ಎಷ್ಟು ಕೋರಿಕೆಗಳಿವೆಯೋ ಅಷ್ಟು ನಿರಾಕರಣೆಗಳು ಪತ್ರದಲ್ಲಿರಬೇಕು. ಒಂದನ್ನು ಒಪ್ಪುವ ಮನಸ್ಸಿದ್ದರೆ ಈಗಲೇ ತೀರ್ಮಾನಿಸಿ. ಬರೆಯುತ್ತಾ ಬರೆಯುತ್ತಾ ತೀರ್ಮಾನಿಸಿದವರ ಪತ್ರ ಎರಡೂ ಕಡೆ ವಾಲುತ್ತದೆ.

## ಹಂತ 2: ಈಗಾಗಲೇ ಏನೇನು ಕೊಟ್ಟಿದ್ದೀರಿ ಎಂದು ನೋಡಿಕೊಳ್ಳಿ

ಬಹಳ ಜನ ಈ ಹಂತವನ್ನು ದಾಟಿಸಿಬಿಡುತ್ತಾರೆ, ಆಮೇಲೆ ಪೇಚಾಡುತ್ತಾರೆ. ಸ್ಥಾಪಕರು ಆತ್ಮೀಯರಾಗಿದ್ದರೆ ಅಧಿಕೃತ ಆಹ್ವಾನಕ್ಕೆ ಮೊದಲೇ ನೀವು ಒಂದಿಷ್ಟು ಒಳಗೆ ಹೋಗಿರುತ್ತೀರಿ.

ಮೊದಲು ದಾಖಲೆಗಳು. ಕಂಪನಿ ನೋಂದಣಿಗೆಂದು ಪ್ಯಾನ್, ಆಧಾರ್ ಪ್ರತಿ ಅಥವಾ ಡಿಜಿಟಲ್ ಸಹಿಯನ್ನು ಕೊಟ್ಟಿದ್ದೀರಾ? ಖಾಸಗಿ ಕಂಪನಿಗೆ ಕನಿಷ್ಠ ಇಬ್ಬರು ನಿರ್ದೇಶಕರು ಬೇಕು. ಎರಡನೆಯ ಹೆಸರಿಗಾಗಿ ಗೆಳೆಯನ ದಾಖಲೆ ಪಡೆದು ಅರ್ಜಿ ಹಾಕುವುದು ನಡೆಯುತ್ತಲೇ ಇರುತ್ತದೆ. ಕೇಂದ್ರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ mca.gov.in ತಾಣದಲ್ಲಿ ಕಂಪನಿಯ ಹೆಸರು ಹಾಕಿ, ನಿರ್ದೇಶಕರ ಪಟ್ಟಿಯಲ್ಲಿ ನಿಮ್ಮ ಹೆಸರಿದೆಯೇ ಎಂದು ಪರಿಶೀಲಿಸಿ. ಇದ್ದರೆ ನಿರಾಕರಣೆಯ ಪತ್ರವೊಂದೇ ಸಾಲದು, ನಿರ್ದೇಶಕ ಸ್ಥಾನಕ್ಕೆ ಲಿಖಿತ ರಾಜೀನಾಮೆಯನ್ನು ಬೇರೆಯಾಗಿಯೇ ಕೊಡಬೇಕು. ಕಂಪನಿಯೊಂದು ಸತತ ಮೂರು ಹಣಕಾಸು ವರ್ಷ ಲೆಕ್ಕಪತ್ರ ಅಥವಾ ವಾರ್ಷಿಕ ವರದಿ ಸಲ್ಲಿಸದಿದ್ದರೆ, 2013ರ ಕಂಪನಿ ಕಾಯ್ದೆಯ 164ನೇ ಸೆಕ್ಷನ್ನಿನಂತೆ ಅದರ ನಿರ್ದೇಶಕರು ಐದು ವರ್ಷ ಬೇರೆ ಕಂಪನಿಗಳಲ್ಲೂ ನಿರ್ದೇಶಕರಾಗಿ ನೇಮಕವಾಗುವಂತಿಲ್ಲ. ಗೆಳೆತನಕ್ಕೆ ಕೊಟ್ಟ ಹೆಸರಿಗೆ ಇಷ್ಟು ದೊಡ್ಡ ಬೆಲೆ ತೆರಬೇಕಾಗಬಹುದು.

ನಂತರ ಹಣ. ‘ಟೋಕನ್’ ಎಂದು ಐವತ್ತು ಸಾವಿರ ಕಳುಹಿಸಿದ್ದರೆ, ಅದು ಯಾವ ಖಾತೆಗೆ ಹೋಗಿದೆ ಎಂಬುದು ಮುಖ್ಯ. ಷೇರಿಗಾಗಿ ಕಂಪನಿ ಕ್ರಮಬದ್ಧವಾಗಿ ಅರ್ಜಿ ಹಣ ಪಡೆದಿದ್ದರೆ, ಅದೇ ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ 60 ದಿನಗಳೊಳಗೆ ಷೇರು ಹಂಚಬೇಕು, ಇಲ್ಲವೇ ನಂತರದ 15 ದಿನಗಳೊಳಗೆ ಹಣ ಮರಳಿಸಬೇಕು. ತಪ್ಪಿದರೆ ವರ್ಷಕ್ಕೆ ಶೇ 12ರ ಬಡ್ಡಿ ಸೇರುತ್ತದೆ. ಯುಪಿಐ ಮೂಲಕ ಸ್ಥಾಪಕನ ಸ್ವಂತ ಖಾತೆಗೆ ಹಾಕಿದ್ದರೆ ಈ ರಕ್ಷಣೆಯನ್ನು ನೆಚ್ಚಿಕೊಳ್ಳುವಂತಿಲ್ಲ. ಅದು ಇಬ್ಬರ ನಡುವಿನ ಲೆಕ್ಕವಾಗುತ್ತದೆ. ಎರಡರಲ್ಲಿ ಯಾವುದೇ ಆಗಿದ್ದರೂ ಮೊತ್ತ, ದಿನಾಂಕ, ಯಾವಾಗ ಮರಳಬೇಕು ಎಂಬುದು ಪತ್ರದಲ್ಲಿರಲಿ.

ಕೊನೆಯದು ಕೆಲಸ ಮತ್ತು ಮಾತು. ವಾರಾಂತ್ಯದಲ್ಲಿ ಕೂತು ಕೋಡ್ ಬರೆದುಕೊಟ್ಟಿದ್ದರೆ ಅದನ್ನು ನಮೂದಿಸಿ. ನಿಮ್ಮ ಈಗಿನ ಉದ್ಯೋಗದ ಕರಾರಿನಲ್ಲಿ ಹೊರಗಿನ ಕೆಲಸದ ಬಗ್ಗೆ ಏನಿದೆ ಎಂದೂ ಓದಿಕೊಳ್ಳಿ. ‘ನಾನಿದ್ದೇನೆ, ಮುಂದುವರಿ’ ಎಂದು ಎಂದಾದರೂ ಬರೆದಿದ್ದರೆ ಅದನ್ನು ಹುಡುಕಿ ತೆಗೆಯಿರಿ. ಇಂತಹ ಸಡಿಲ ಮಾತು ಸಾಮಾನ್ಯವಾಗಿ ಒಪ್ಪಂದವಾಗುವುದಿಲ್ಲ, ಆದರೆ ಅದನ್ನು ನಂಬಿ ಒಬ್ಬರು ಹೆಜ್ಜೆ ಇಟ್ಟಿರುತ್ತಾರೆ. ಅದನ್ನು ಹೆಸರಿಸಿಯೇ ಹಿಂತೆಗೆದುಕೊಳ್ಳಬೇಕು. ಹೂಡಿಕೆಯ ಮುಖ್ಯ ಷರತ್ತುಗಳಿರುವ ಟರ್ಮ್ ಶೀಟ್‌ಗೆ ಅಥವಾ ಬೇರೆ ಯಾವ ಕಾಗದಕ್ಕಾದರೂ ಸಹಿ ಹಾಕಿದ್ದರೆ ಇಲ್ಲಿಗೇ ನಿಲ್ಲಿಸಿ, ಮೊದಲು ವಕೀಲರಿಗೆ ತೋರಿಸಿ, ಆಮೇಲೆ ಪತ್ರ ಬರೆಯಿರಿ.

## ಹಂತ 3: ನಿಜವಾದ ಕಾರಣವನ್ನು ಹುಡುಕಿ, ಒಂದನ್ನೇ ಇಟ್ಟುಕೊಳ್ಳಿ

ನಾನು ಅತಿ ಹೆಚ್ಚು ಸಮಯ ಕಳೆಯುವುದು ಈ ಹಂತದಲ್ಲಿ.

ಆ ಭಾನುವಾರ ಸಂಜೆ ನನಗೆ ಹೊಳೆದ ಕಾರಣಗಳು ನಾಲ್ಕು. ಮನೆ ಸಾಲದ ಕಂತು ಇದೆ. ಮನೆಯವರು ಹೆದರುತ್ತಾರೆ. ಕೋಲ್ಡ್ ಸ್ಟೋರೇಜ್ ಮಾಲೀಕರು ಪ್ರತಿ ತಿಂಗಳು ಶುಲ್ಕ ಕಟ್ಟುತ್ತಾರೆಂಬ ನಂಬಿಕೆ ನನಗಿಲ್ಲ. ಆತ್ಮೀಯರ ವ್ಯವಹಾರದಲ್ಲಿ ಹಣ ಹಾಕಿದರೆ ಸಂಬಂಧ ಕೆಡುತ್ತದೆ ಎಂಬ ಭಯ ಮೊದಲಿನಿಂದಲೂ ಇದೆ.

ಒಂದೊಂದಕ್ಕೂ ಒಂದೇ ಪ್ರಶ್ನೆ ಹಾಕಿಕೊಂಡೆ: ನಾಳೆ ಬೆಳಗ್ಗೆ ಈ ಕಾರಣ ಇಲ್ಲವಾದರೆ ನಾನು ಹಣ ಕೊಡುತ್ತೇನೆಯೇ? ಸಾಲ ತೀರಿದರೂ ಕೊಡುತ್ತಿರಲಿಲ್ಲ. ಮನೆಯವರು ಒಪ್ಪಿದರೂ ಇಲ್ಲ. ಹತ್ತು ಮಾಲೀಕರು ಮುಂಗಡ ಶುಲ್ಕ ಕಟ್ಟಿದ ರಸೀದಿಯನ್ನು ಅವನು ತಂದು ತೋರಿಸಿದರೆ? ಆಗಲೂ ಇಲ್ಲ. ನಾಲ್ಕನೆಯದು ಮಾತ್ರ ಪರೀಕ್ಷೆಯಲ್ಲಿ ಉಳಿಯಿತು. ಉಳಿದ ಮೂರು ಕಾರಣಗಳಲ್ಲ, ನೆಪಗಳು.

ನೆಪದ ತೊಂದರೆ ಏನೆಂದರೆ, ಸ್ಥಾಪಕನಾದವನ ಕೆಲಸವೇ ಅಡ್ಡಿಗಳನ್ನು ಬಗೆಹರಿಸುವುದು. ನೀವು ಕೊಟ್ಟ ಪ್ರತಿ ನೆಪವನ್ನೂ ಅವನು ಬಗೆಹರಿಸಬೇಕಾದ ಅಡ್ಡಿ ಎಂದು ಸ್ವೀಕರಿಸುತ್ತಾನೆ. ‘ಮನೆಯವರು ಒಪ್ಪುತ್ತಿಲ್ಲ’ ಎಂದು ಬರೆದ ಗೆಳೆಯರೊಬ್ಬರ ಮನೆಗೆ ಮುಂದಿನ ಶನಿವಾರವೇ ಸ್ಥಾಪಕ ತನ್ನ ಹೆಂಡತಿಯೊಡನೆ ಧಾರವಾಡ ಪೇಡದ ಡಬ್ಬಿ ಹಿಡಿದು ಬಂದ. ಅಡುಗೆಮನೆಯ ಬಾಗಿಲಲ್ಲಿ ನಿಂತು ‘ಅಕ್ಕಾ, ನಿಮಗೆ ಏನು ಭಯ ಹೇಳಿ’ ಎಂದು ಕೇಳಿದ. ಆ ಹೆಣ್ಣುಮಗಳಿಗೆ ವಿಷಯವೇ ಗೊತ್ತಿರಲಿಲ್ಲ. ನಿಮ್ಮ ನಿರ್ಧಾರದ ಭಾರವನ್ನು ಮನೆಯವರ ತಲೆಗೆ ಕಟ್ಟುವುದು ಅವರಿಗೆ ಮಾಡುವ ಅನ್ಯಾಯ. ಈ ಒಂದು ತಪ್ಪನ್ನು ದಯವಿಟ್ಟು ಮಾಡಬೇಡಿ.

ಹಾಗಾದರೆ ವ್ಯವಹಾರದಲ್ಲೇ ನಂಬಿಕೆಯಿಲ್ಲ ಎಂಬುದು ನಿಜವಾದ ಕಾರಣವಾಗಿದ್ದರೆ? ಬರೆಯಬಹುದು, ಆದರೆ ಒಂದೇ ವಾಕ್ಯದಲ್ಲಿ, ನಿಮ್ಮ ಅಭಿಪ್ರಾಯವಾಗಿ: ‘ಇದರಿಂದ ಆದಾಯ ಬರುವ ದಾರಿ ನನಗೆ ಮನವರಿಕೆಯಾಗಲಿಲ್ಲ.’ ಡೆಕ್‌ನ ಪುಟಪುಟವನ್ನೂ ತಿದ್ದಿ ಕಳುಹಿಸಬೇಡಿ. ಕೇಳದೇ ಕೊಟ್ಟ ವಿಮರ್ಶೆ ಚರ್ಚೆಗೆ ಕರೆಯೋಲೆಯಾಗುತ್ತದೆ. ವಿಮರ್ಶೆ ಬೇಕಿದ್ದರೆ ಅವರೇ ಕೇಳುತ್ತಾರೆ, ಆಗ ಬೇರೆಯಾಗಿ ಕೊಡಿ. ಸ್ಥಾಪಕರ ಪ್ರಾಮಾಣಿಕತೆಯ ಮೇಲೇ ಅನುಮಾನವಿದ್ದರೆ ಕಾರಣ ಬರೆಯಲೇಬೇಡಿ. ‘ಸೇರುವುದಿಲ್ಲವೆಂದು ನಿರ್ಧರಿಸಿದ್ದೇನೆ’ ಎಂಬಷ್ಟೇ ಸಾಕು.

## ಹಂತ 4: ಕ್ರಿಯಾಪದವನ್ನು ಸರಿಪಡಿಸಿ

ಕನ್ನಡದಲ್ಲಿ ನಿರಾಕರಿಸುವಾಗ ನಮ್ಮ ಕೈಗೆ ಮೊದಲು ಸಿಗುವ ಮಾತು ‘ಆಗುವುದಿಲ್ಲ’. ಅದು ಸೌಮ್ಯವಾಗಿ ಕೇಳುತ್ತದೆ, ಏಕೆಂದರೆ ಅದು ಅಸಹಾಯಕತೆಯ ಮಾತು. ಅಸಹಾಯಕತೆಗೆ ಸಹಾಯ ಒದಗಿಬರುತ್ತದೆ: ‘ಹತ್ತು ಆಗದಿದ್ದರೆ ಐದು ಹಾಕಿ.’ ‘ಆಗುತ್ತಿಲ್ಲ’ ಎಂದರೆ ಇನ್ನೂ ಸಡಿಲ. ಇಂದು ಆಗುತ್ತಿಲ್ಲದ್ದು ದೀಪಾವಳಿಯ ಹೊತ್ತಿಗೆ ಆಗಬಹುದಲ್ಲ? ‘ಕಷ್ಟವಾಗಬಹುದು’ ಎನ್ನುವುದಂತೂ ನಿರಾಕರಣೆಯೇ ಅಲ್ಲ.

‘ಹೂಡುವುದಿಲ್ಲ’, ‘ಸೇರುವುದಿಲ್ಲ’ ಎಂದು ಬರೆಯಿರಿ. ಇವು ನಿರ್ಧಾರದ ಮಾತುಗಳು. ಬರೆಯುವಾಗ ಒರಟೆನಿಸುತ್ತದೆ, ನನಗೂ ಅನಿಸಿತ್ತು. ಆದರೆ ಪತ್ರದ ಒರಟುತನ ಕ್ರಿಯಾಪದದಿಂದ ಬರುವುದಿಲ್ಲ, ಸುತ್ತಲಿನ ಮಾತುಗಳಿಂದ ಬರುತ್ತದೆ. ಆತ್ಮೀಯವಾದ ಎರಡು ಸಾಲುಗಳ ನಡುವೆ ಕೂತ ‘ಹೂಡುವುದಿಲ್ಲ’ ಎಂಬುದು ಯಾರನ್ನೂ ಗಾಯಗೊಳಿಸುವುದಿಲ್ಲ.

ಕರಡನ್ನು ಬರೆದಾದ ಮೇಲೆ ಈ ಪದಗಳನ್ನು ಹುಡುಕಿ ಹೊಡೆದುಹಾಕಿ: ಸದ್ಯಕ್ಕೆ, ಈಗಲೇ, ಸ್ವಲ್ಪ, ಬಹುಶಃ, ನೋಡೋಣ, ಮುಂದೆ. ಪ್ರತಿಯೊಂದೂ ಒಂದು ತೆರೆದ ಕಿಟಕಿ.

ಸರ್ವನಾಮದ ಬಗ್ಗೆಯೂ ಒಂದು ಮಾತು. ಇಷ್ಟು ವರ್ಷ ‘ನೀನು’ ಎಂದವರಿಗೆ ನಿರಾಕರಣೆಯ ಪತ್ರದಲ್ಲಿ ‘ನೀವು’ ಎಂದರೆ ಅದು ಗೌರವವಾಗಿ ತಲುಪುವುದಿಲ್ಲ, ದೂರ ತಳ್ಳಿದಂತೆ ತಲುಪುತ್ತದೆ. ಎಂದಿನ ರೂಪವನ್ನೇ ಬಳಸಿ. ಇಬ್ಬರೂ ಸದಾ ಇಂಗ್ಲಿಷಿನಲ್ಲೇ ಪತ್ರ ಬರೆದುಕೊಳ್ಳುವವರಾದರೆ ಇದೂ ಇಂಗ್ಲಿಷಿನಲ್ಲೇ ಹೋಗಲಿ.

## ಹಂತ 5: ಪತ್ರವನ್ನು ಈ ಕ್ರಮದಲ್ಲಿ ಕಟ್ಟಿ

ಮೊದಲು ಕೆಟ್ಟ ಪತ್ರ ಹೇಗಿರುತ್ತದೆ ನೋಡಿ. ಆ ಸಂಜೆ ನಾನು ಬರೆದು, ಕಳುಹಿಸದೇ ಉಳಿಸಿಕೊಂಡ ಕರಡು ಇದು:

> ಡೆಕ್ ನೋಡಿದೆ, ಬಹಳ ಚೆನ್ನಾಗಿದೆ! ನಿಜಕ್ಕೂ ದೊಡ್ಡ ಅವಕಾಶ. ಆದರೆ ಸದ್ಯಕ್ಕೆ ಮನೆ ಸಾಲದ ಕಂತು ನಡೆಯುತ್ತಿದೆ, ಮನೆಯಲ್ಲೂ ಸ್ವಲ್ಪ ಹೆದರುತ್ತಾರೆ. ಇಷ್ಟು ದೊಡ್ಡ ಮೊತ್ತ ಕಷ್ಟವಾಗಬಹುದು. ಮುಂದಿನ ತಿಂಗಳು ಕೂತು ಮಾತನಾಡೋಣ. ಏನೇ ಸಹಾಯ ಬೇಕಿದ್ದರೂ ಹೇಳು, ನಾನಿದ್ದೇನೆ.

ಇದನ್ನು ಅವನ ಜಾಗದಲ್ಲಿ ಕೂತು ಓದಿ. ‘ದೊಡ್ಡ ಅವಕಾಶ’ ಎಂದರೆ ಅಣ್ಣನಿಗೆ ನಂಬಿಕೆಯಿದೆ. ‘ಇಷ್ಟು ದೊಡ್ಡ ಮೊತ್ತ’ ಎಂದರೆ ಸಣ್ಣ ಮೊತ್ತ ಕೇಳಬಹುದು. ‘ಮುಂದಿನ ತಿಂಗಳು’ ಎಂದರೆ ದಿನ ನಿಗದಿಯಾಯಿತು. ‘ನಾನಿದ್ದೇನೆ’ ಎಂದರೆ ಇದ್ದಾರೆ. ಹುದ್ದೆಯ ಬಗ್ಗೆ ಒಂದಕ್ಷರವೂ ಇಲ್ಲ, ಹಾಗಾಗಿ ಅದು ಇನ್ನೂ ಜೀವಂತ. ಆರು ವಾಕ್ಯಗಳಲ್ಲಿ ನಿರಾಕರಣೆ ಒಂದೂ ಇಲ್ಲ.

ಮರುದಿನ ಬೆಳಗ್ಗೆ ಬರೆದು ಕಳುಹಿಸಿದ್ದು ಇದು:

> ಪ್ರಿಯ ತಮ್ಮ,
>
> ಭಾನುವಾರ ನೀನು ಕೇಳಿದ ಎರಡಕ್ಕೂ ಉತ್ತರ ಇದು. ನಾನು ಕಂಪನಿಯಲ್ಲಿ ಹಣ ಹೂಡುವುದಿಲ್ಲ. ಸಹಸಂಸ್ಥಾಪಕನಾಗಿಯೂ ಸೇರುವುದಿಲ್ಲ. ನೀನು ಬೇರೆಯವರನ್ನು ನೋಡಿಕೊಳ್ಳಲು ಸಮಯ ಸಿಗಲಿ ಎಂದು ತಡಮಾಡದೆ ತಿಳಿಸುತ್ತಿದ್ದೇನೆ.
>
> ಆತ್ಮೀಯರ ವ್ಯವಹಾರದಲ್ಲಿ ನಾನು ಹಣ ಹಾಕುವುದಿಲ್ಲ, ಮೊತ್ತ ಎಷ್ಟೇ ಇರಲಿ. ಇದು ನನ್ನ ಹಳೆಯ ನಿಯಮ. ಹುದ್ದೆಯ ವಿಷಯದಲ್ಲಿ, ಈಗಿನ ಕೆಲಸ ಬಿಡುವುದಿಲ್ಲವೆಂದು ತೀರ್ಮಾನಿಸಿದ್ದೇನೆ. ಅರ್ಧ ಸಮಯ ಕೊಟ್ಟು ನಿನ್ನ ಕೆಲಸ ಕೆಡಿಸಲೂ ಮನಸ್ಸಿಲ್ಲ.
>
> ಗೋದಾಮಿನ ಒಳಗೆ ಸಿಗ್ನಲ್ ಸಿಗದಿದ್ದಾಗಲೂ ಚೀಲದ ಎಣಿಕೆ ದಾಖಲಾಗುವಂತೆ ನೀನು ಮಾಡಿರುವುದನ್ನು ನಾನು ಗಮನಿಸಿದೆ. ಅಲ್ಲಿ ನಿಂತು ಕೆಲಸ ಮಾಡಿದವನಿಗೆ ಮಾತ್ರ ಹೊಳೆಯುವ ವಿಷಯ ಅದು.
>
> ನಾನು ಮಾಡಬಹುದಾದದ್ದು ಒಂದಿದೆ. ಡೇಟಾಬೇಸ್ ವಿನ್ಯಾಸವನ್ನು ಒಮ್ಮೆ ಕೂತು ನೋಡುತ್ತೇನೆ. ಮುಂದಿನ ಭಾನುವಾರ ಬೆಳಗ್ಗೆ 11ಕ್ಕೆ, ಒಂದು ಗಂಟೆ. ಬೇಕಿದ್ದರೆ ತಿಳಿಸು.
>
> ಡೆಕ್‌ನ 9ನೇ ಪುಟದಲ್ಲಿ ಸಲಹೆಗಾರರ ಸಾಲಿನಲ್ಲಿ ನನ್ನ ಹೆಸರಿದೆ. ಬೇರೆಯವರಿಗೆ ಕಳುಹಿಸುವ ಮುನ್ನ ಅದನ್ನು ತೆಗೆದುಬಿಡು. ನೀನು ಕೊಟ್ಟ ಲೆಕ್ಕದ ಹಾಳೆಯನ್ನು ನನ್ನ ಕಂಪ್ಯೂಟರಿನಿಂದ ಅಳಿಸಿದ್ದೇನೆ, ಯಾರಿಗೂ ತೋರಿಸಿಲ್ಲ.
>
> ನಿನ್ನ ಅಣ್ಣ

ಕ್ರಮವನ್ನು ಗಮನಿಸಿ. ನಿರಾಕರಣೆ ಎರಡನೆಯ ಮತ್ತು ಮೂರನೆಯ ವಾಕ್ಯದಲ್ಲೇ ಬಂದಿದೆ. ಮೆಚ್ಚುಗೆಯನ್ನು ಅದರ ಹಿಂದೆ ಇಟ್ಟಿದ್ದೇನೆ. ಮೆಚ್ಚುಗೆ ಮೊದಲು ಬಂದರೆ ಓದುವವನ ಆಸೆ ಏರುತ್ತದೆ, ಆಮೇಲೆ ಬಿದ್ದಾಗ ಪೆಟ್ಟು ಹೆಚ್ಚು. ನಂತರ ಬಂದರೆ ಅದನ್ನು ನಿಜವೆಂದು ನಂಬುತ್ತಾನೆ, ಏಕೆಂದರೆ ಆಗ ಅದರಿಂದ ನನಗೆ ಏನೂ ಆಗಬೇಕಾಗಿರುವುದಿಲ್ಲ. ಮೆಚ್ಚುಗೆ ಒಂದು ನಿರ್ದಿಷ್ಟ ಸಂಗತಿಯ ಬಗ್ಗೆ ಇರಲಿ. ‘ಅದ್ಭುತ ಐಡಿಯಾ’ ಎಂದರೆ ‘ಹಾಗಿದ್ದರೆ ಹಣವೇಕೆ ಹಾಕುವುದಿಲ್ಲ?’ ಎಂಬ ಪ್ರಶ್ನೆ ಏಳುತ್ತದೆ.

ಸಹಾಯಕ್ಕೆ ದಿನ, ಗಂಟೆ, ಮಿತಿ ಮೂರನ್ನೂ ಕೊಟ್ಟಿದ್ದೇನೆ. ‘ಏನೇ ಬೇಕಿದ್ದರೂ’ ಎಂಬ ಮಾತು ಸಂಬಳವಿಲ್ಲದ ನೌಕರಿಗೆ ಬಾಗಿಲು. ಸಹಾಯ ಮಾಡುವ ಮನಸ್ಸಿಲ್ಲದಿದ್ದರೆ ಆ ಪರಿಚ್ಛೇದವನ್ನೇ ಬಿಟ್ಟುಬಿಡಿ, ಯಾರೂ ತಪ್ಪು ತಿಳಿಯುವುದಿಲ್ಲ. ಬೇರೆ ಹೂಡಿಕೆದಾರರಿಗೆ ಪರಿಚಯಿಸುವ ಭರವಸೆಯ ವಿಷಯದಲ್ಲಂತೂ ಎಚ್ಚರ ಬೇಕು. ನೀವೇ ಹಾಕದ ಕಡೆಗೆ ಬೇರೆಯವರನ್ನು ಕಳುಹಿಸಿದರೆ ಅವರ ಮೊದಲ ಪ್ರಶ್ನೆ ‘ನೀವು ಎಷ್ಟು ಹಾಕಿದ್ದೀರಿ?’ ಎಂಬುದೇ. ಆ ಪ್ರಶ್ನೆಗೆ ಸಿಗುವ ಉತ್ತರ ಸ್ಥಾಪಕನಿಗೇ ಹಾನಿ ಮಾಡುತ್ತದೆ.

ಪರಿಚಯವೇ ಇಲ್ಲದ ಸ್ಥಾಪಕರು ಲಿಂಕ್ಡ್‌ಇನ್‌ನಲ್ಲಿ ಬರೆದಿದ್ದರೆ ಇಷ್ಟೆಲ್ಲ ಬೇಡ, ಮೂರು ವಾಕ್ಯ ಸಾಕು:

> ನಮಸ್ಕಾರ. ನಿಮ್ಮ ಪ್ರಸ್ತಾವವನ್ನು ಓದಿದೆ, ನಾನು ಹೂಡಿಕೆ ಮಾಡುವುದಿಲ್ಲ ಮತ್ತು ಸಹಸಂಸ್ಥಾಪಕನಾಗಿ ಸೇರುವುದಿಲ್ಲ. ನನ್ನನ್ನು ನೆನೆದು ಬರೆದಿದ್ದಕ್ಕೆ ಧನ್ಯವಾದ.

## ಹಂತ 6: ಕಳುಹಿಸುವ ಹೊತ್ತು ಮತ್ತು ದಾರಿ

ಉತ್ತರ ಎರಡು ಮೂರು ದಿನಗಳೊಳಗೆ ಹೋಗಬೇಕು. ವಾರ ದಾಟಿದರೆ ಮೌನವನ್ನು ‘ಯೋಚಿಸುತ್ತಿದ್ದಾರೆ’ ಎಂದು ಓದಿಕೊಳ್ಳುತ್ತಾರೆ. ರಾತ್ರಿ ಬರೆದದ್ದನ್ನು ಬೆಳಗ್ಗೆ ಓದಿ ಕಳುಹಿಸಿ.

ಹಣ, ಹುದ್ದೆ, ದಾಖಲೆಗಳ ವಿಷಯವಿರುವುದರಿಂದ ಪತ್ರ ಇಮೇಲ್‌ನಲ್ಲೇ ಹೋಗಲಿ. ಆತ್ಮೀಯರಾದರೆ ಕಳುಹಿಸುವ ಐದು ನಿಮಿಷ ಮೊದಲು ಫೋನ್ ಮಾಡಿ: ‘ಉತ್ತರ ಬರೆದಿದ್ದೇನೆ, ನಾನು ಎರಡಕ್ಕೂ ಬರುವುದಿಲ್ಲ ಎಂದು ಬರೆದಿದ್ದೇನೆ, ಓದು.’ ಕರೆ ಮೂರು ನಿಮಿಷ ಮೀರದಿರಲಿ. ಕರೆಯೊಂದನ್ನೇ ಮಾಡಿ ಪತ್ರ ಕಳುಹಿಸದವರು, ಎದುರಿನ ದನಿ ಕುಗ್ಗಿದ ಕೂಡಲೇ ‘ನೋಡೋಣ’ ಎಂದು ಹೇಳಿಬಿಟ್ಟಿರುವುದನ್ನು ನಾನು ಬಹಳ ಸಲ ಕಂಡಿದ್ದೇನೆ.

ಮದುವೆ ಮನೆಯಲ್ಲೋ ಗೃಹಪ್ರವೇಶದಲ್ಲೋ ನಾಲ್ಕು ಜನರ ಮುಂದೆ ಕೇಳಿದರೆ ಅಲ್ಲಿ ಉತ್ತರಿಸಬೇಡಿ. ‘ನಾಳೆ ಬರೆದು ತಿಳಿಸುತ್ತೇನೆ’ ಎಂದು ಹೇಳಿ, ನಾಳೆಯೇ ಬರೆಯಿರಿ. ಸ್ಥಾಪಕರ ಪರವಾಗಿ ಚಿಕ್ಕಪ್ಪನೋ ಮಾವನೋ ಕೇಳಿದರೂ ಉತ್ತರ ಸ್ಥಾಪಕರಿಗೇ ಹೋಗಬೇಕು. ಬಾಯಿಂದ ಬಾಯಿಗೆ ದಾಟುವಾಗ ‘ಇಲ್ಲ’ ಎಂಬುದು ‘ಯೋಚಿಸುತ್ತಾನಂತೆ’ ಎಂದಾಗುತ್ತದೆ.

## ಹಂತ 7: ಎರಡನೆಯ ಕೋರಿಕೆಗೆ ಸಿದ್ಧರಾಗಿರಿ

ಒಳ್ಳೆಯ ಪತ್ರಕ್ಕೂ ಮರುಕೋರಿಕೆ ಬರಬಹುದು. ಅದು ಸಾಮಾನ್ಯವಾಗಿ ಮೂರು ರೂಪದಲ್ಲಿ ಬರುತ್ತದೆ.

ಒಂದು, ಮೊತ್ತ ಇಳಿಸುವುದು. ನನ್ನ ಪತ್ರದಲ್ಲಿ ‘ಮೊತ್ತ ಎಷ್ಟೇ ಇರಲಿ’ ಎಂಬ ಮಾತು ಇದ್ದದ್ದು ಇದಕ್ಕಾಗಿಯೇ.

ಎರಡು, ಕೈಸಾಲ. ‘ಷೇರು ಬೇಡವಾದರೆ ಎರಡು ಲಕ್ಷ ಸಾಲವಾಗಿ ಕೊಡಿ, ಆರು ತಿಂಗಳಲ್ಲಿ ಹಿಂತಿರುಗಿಸುತ್ತೇನೆ.’ ಇಲ್ಲಿ ಕಾನೂನಿನ ತೊಡಕೂ ಇದೆ. ಖಾಸಗಿ ಕಂಪನಿಯೊಂದು ನಿರ್ದೇಶಕನಲ್ಲದ, ನಿರ್ದೇಶಕರ ಸಂಬಂಧಿಯಲ್ಲದ, ಷೇರುದಾರನೂ ಅಲ್ಲದ ವ್ಯಕ್ತಿಯಿಂದ ಪಡೆಯುವ ಸಾಲವನ್ನು ಕಂಪನಿ ಕಾನೂನು ಠೇವಣಿ ಎಂದು ಪರಿಗಣಿಸುತ್ತದೆ, ಅದನ್ನು ಪಡೆಯುವ ಅವಕಾಶ ಅಂತಹ ಕಂಪನಿಗಿಲ್ಲ. ‘ಹಾಗಿದ್ದರೆ ಕನ್ವರ್ಟಿಬಲ್ ನೋಟ್ ಮಾಡೋಣ’ ಎನ್ನುವವರಿದ್ದಾರೆ. ಮುಂದೆ ಷೇರಾಗಿ ಬದಲಾಗಬಹುದಾದ ಸಾಲಪತ್ರ ಅದು. ಆ ವಿನಾಯಿತಿ ಸರ್ಕಾರದ ಮಾನ್ಯತೆ ಪಡೆದ ಸ್ಟಾರ್ಟ್‌ಅಪ್‌ಗಳಿಗೆ ಮಾತ್ರ, ಅದೂ ಒಬ್ಬರಿಂದ ಒಂದೇ ಕಂತಿನಲ್ಲಿ 25 ಲಕ್ಷ ರೂಪಾಯಿ ಅಥವಾ ಹೆಚ್ಚು ಪಡೆದಾಗ. ಎರಡು ಲಕ್ಷಕ್ಕೆ ಅದು ಹೊಂದುವುದಿಲ್ಲ. ಸ್ಥಾಪಕನಿಗೆ ವೈಯಕ್ತಿಕವಾಗಿ ಕೊಡುವ ಕೈಸಾಲ ಬೇರೆ ವಿಷಯ. ಕೊಡುವುದಾದರೆ ಅದು ಮರಳದಿದ್ದರೂ ಸಂಬಂಧ ಉಳಿಯುವಷ್ಟು ಮೊತ್ತವಿರಲಿ, ಕಂಪನಿಯ ಮಾತು ಅದರಲ್ಲಿ ಬೆರೆಯದಿರಲಿ.

ಮೂರು, ಬಿರುದು. ‘ಸಲಹೆಗಾರರೆಂದು ಹೆಸರು ಮಾತ್ರ ಕೊಡಿ, ಅರ್ಧ ಪ್ರತಿಶತ ಇಟ್ಟಿರುತ್ತೇನೆ.’ ನನಗೆ ಬಂದದ್ದು ಇದೇ. ಹೆಸರನ್ನು ನೋಡಿ ಮೂರನೆಯವರೊಬ್ಬರು ಹಣ ಹಾಕಿದರೆ, ನಾಳೆ ಅವರು ಪ್ರಶ್ನೆ ಕೇಳುವುದು ನಿಮ್ಮನ್ನು. ನನ್ನ ಎರಡನೆಯ ಉತ್ತರ ಇಷ್ಟೇ:

> ನನ್ನ ಉತ್ತರ ಬದಲಾಗಿಲ್ಲ. ಹೆಸರನ್ನೂ ಬಳಸಬೇಡ. ಭಾನುವಾರ 11ಕ್ಕೆ ಬರುತ್ತೀಯಾ?

ಎರಡನೆಯ ಉತ್ತರದಲ್ಲಿ ಹೊಸ ಕಾರಣ ಕೊಡಬಾರದು. ಹೊಸ ಕಾರಣ ಕೊಟ್ಟ ಕೂಡಲೇ ಹಳೆಯದು ಸುಳ್ಳಾಗಿತ್ತು ಎಂದಾಗುತ್ತದೆ.

## ಅಪಾಯದ ಸೂಚನೆಗಳು

‘ಯೋಚಿಸಲು ಸಮಯ ತೆಗೆದುಕೊಳ್ಳಿ, ಅವಸರವಿಲ್ಲ’ ಎಂದು ಮರುತ್ತರ ಬಂದರೆ ನಿಮ್ಮ ಪತ್ರ ನಿರಾಕರಣೆಯಾಗಿ ತಲುಪಿಲ್ಲ. ಕ್ರಿಯಾಪದವನ್ನು ಮತ್ತೆ ನೋಡಿ, ಅಂದೇ ಒಂದು ಸಾಲು ಬರೆದು ಸ್ಪಷ್ಟಪಡಿಸಿ. ಕಂಪನಿಯ ವಾಟ್ಸ್‌ಆಪ್ ಗುಂಪಿಗೆ ನಿಮ್ಮನ್ನು ಸೇರಿಸಿದರೆ ಕೂಡಲೇ ಹೊರಬಂದು, ಏಕೆ ಹೊರಬಂದಿರಿ ಎಂದು ಸ್ಥಾಪಕರಿಗೆ ತಿಳಿಸಿ. ಮೂರನೆಯವರು ‘ನೀವೂ ಅದರಲ್ಲಿದ್ದೀರಂತೆ’ ಎಂದರೆ ಅವರಿಗೆ ‘ಇಲ್ಲ’ ಎಂದು ಅಲ್ಲೇ ಹೇಳಿ, ಸ್ಥಾಪಕರಿಗೆ ಲಿಖಿತವಾಗಿ ತಿಳಿಸಿ.

ಒಟಿಪಿ ಹೇಳಿ, ಡಿಜಿಟಲ್ ಸಹಿ ಒಂದು ದಿನಕ್ಕೆ ಕೊಡಿ ಎಂಬ ಕೋರಿಕೆ ನಿರಾಕರಣೆಯ ನಂತರ ಬಂದರೆ ಅದನ್ನು ಎಷ್ಟೇ ಆತ್ಮೀಯರಾದರೂ ಈಡೇರಿಸಬಾರದು.

## ಹಂತ 8: ಒಂದು ತಿಂಗಳ ನಂತರ

ನೆನಪಿಗೆ ಮೊಬೈಲಿನಲ್ಲಿ ದಿನ ಗುರುತು ಹಾಕಿಕೊಳ್ಳಿ. ಆ ದಿನ ಮೂರು ಕಡೆ ನೋಡಿ: mca.gov.in ತಾಣದಲ್ಲಿ ನಿರ್ದೇಶಕರ ಪಟ್ಟಿ, ಕಂಪನಿಯ ಜಾಲತಾಣದಲ್ಲಿ ತಂಡದ ಪುಟ, ಲಿಂಕ್ಡ್‌ಇನ್. ನಿಮ್ಮ ಹೆಸರು ಎಲ್ಲೂ ಇಲ್ಲದಿದ್ದರೆ ಈ ಕೆಲಸ ಮುಗಿಯಿತು. ಇದ್ದರೆ ಮೂಲ ಇಮೇಲ್‌ಗೇ ಉತ್ತರವಾಗಿ, ದಿನಾಂಕ ಹಾಕಿ, ತೆಗೆಯಲು ಕೇಳಿ.

ಕೊಟ್ಟ ಮಾತಿನ ಸಹಾಯವನ್ನು ಮಾತ್ರ ತಪ್ಪಿಸಬೇಡಿ. ಆ ಭಾನುವಾರ ಅವನು ಹನ್ನೊಂದಕ್ಕೆ ಐದು ನಿಮಿಷ ಮೊದಲೇ ಬಂದ. ಒಂದೇ ಚೀಲವನ್ನು ಇಬ್ಬರು ವ್ಯಾಪಾರಿಗಳ ಹೆಸರಿಗೆ ಬರೆಯಲು ಅವನ ಕೋಷ್ಟಕ ಅವಕಾಶ ಕೊಡುತ್ತಿತ್ತು. ಅದನ್ನು ಕಂಡುಹಿಡಿಯಲು ನಲವತ್ತು ನಿಮಿಷ, ಸರಿಪಡಿಸುವ ದಾರಿ ಬರೆದುಕೊಡಲು ಇಪ್ಪತ್ತು ನಿಮಿಷ ಹಿಡಿಯಿತು. ಹನ್ನೆರಡಕ್ಕೆ ಲ್ಯಾಪ್‌ಟಾಪ್ ಮುಚ್ಚಿ ಇಬ್ಬರೂ ಊಟಕ್ಕೆ ಎದ್ದೆವು.